ಹದಿನಾರನೇ ನಂಬರಿನ ಡಿಸ್ಕ್ ಮತ್ತು ನೂರು ಪುಟದ ನೋಟ್‌ಬುಕ್

ಪ್ರಶ್ನೆ: ನಾನು ಮುಂಬಯಿ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಟೀಚರ್. ಕಂಪ್ಯೂಟರ್ ಲ್ಯಾಬಿನ ಜವಾಬ್ದಾರಿಯೂ ನನ್ನ ತಲೆಗೇ ಬಂದಿದೆ. ಯಾವುದೋ ಕಂಪನಿಯವರು ದಾನ ಕೊಟ್ಟ 22 ಹಳೇ ಕಂಪ್ಯೂಟರುಗಳಿವೆ. ತಿಂಗಳಿಗೆ ಒಂದೆರಡು ಮಲಗುತ್ತವೆ. ರಿಪೇರಿಯವನು ಬಂದು ಫಾರ್ಮ್ಯಾಟ್ ಹೊಡೆದು ಹೋಗುತ್ತಾನೆ, ಅದೇ ಯಂತ್ರ ಮತ್ತೆ ಕೈಕೊಡುತ್ತದೆ. ನಾನೇ ತಿಂಗಳಿಗೊಮ್ಮೆ ಏನಾದರೂ ನೋಡಿಕೊಳ್ಳುವ ಹಾಗಿದ್ದರೆ ಏನು ನೋಡಬೇಕು? ನಾನು ಹಾರ್ಡ್‌ವೇರ್ ಕಲಿತವಳಲ್ಲ.

ಉತ್ತರ: ಟೀಚರ್, ಸ್ಕ್ರೂಡ್ರೈವರ್ ಆಮೇಲೆ ತಗೊಳ್ಳುವಿರಂತೆ. ಮೊದಲು ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಒಂದು ಯಂತ್ರಕ್ಕೆ ಎರಡು ಪುಟದಂತೆ ಬಿಟ್ಟು, ಮೇಲೆ ಯಂತ್ರದ ನಂಬರ್ ಬರೆಯಿರಿ. ಅದೇ ನಂಬರನ್ನು ಮಾರ್ಕರಿನಿಂದ ಸಿಪಿಯು ಡಬ್ಬದ ಮೇಲೂ ಬರೆಯಿರಿ. ಮಾನಿಟರ್ ಮೇಲೆ ಬೇಡ, ಮಾನಿಟರುಗಳು ಜಾಗ ಬದಲಾಯಿಸುತ್ತಿರುತ್ತವೆ.

ಈ ನೋಟ್‌ಬುಕ್ಕಿನಲ್ಲಿ ಪ್ರತಿ ತಿಂಗಳು ಅವೇ ಐದಾರು ಅಂಕಿಗಳನ್ನು ಬರೆಯುವುದೇ ನೀವು ಮಾಡಬೇಕಾದ ತಪಾಸಣೆ. ಹಳೇ ಯಂತ್ರದ ಇವತ್ತಿನ ಅಂಕಿ ಒಂದನ್ನೇ ನೋಡಿದರೆ ಹೆಚ್ಚೇನೂ ತಿಳಿಯದು. ಹೋದ ತಿಂಗಳಿನದರ ಪಕ್ಕದಲ್ಲಿಟ್ಟಾಗ ಅದು ಮಾತಾಡುತ್ತದೆ. ರಿಪೇರಿಯವನಿಗೆ ಹೋದ ತಿಂಗಳಿನ ಅಂಕಿ ಗೊತ್ತಿಲ್ಲ. ಅದಕ್ಕೇ ಅವನ ಕೈ ಫಾರ್ಮ್ಯಾಟಿಗೇ ಹೋಗುವುದು.

ದಿನದ ಆಯ್ಕೆಯಲ್ಲಿ ಒಂದು ಉಪಾಯ ಇದೆ. ಈ ಕೆಲಸವನ್ನು ಎರಡು ತುಂಡು ಮಾಡಿ. ತಿಂಗಳ ಕೊನೇ ಶನಿವಾರ, ಕಡೇ ಪೀರಿಯಡ್ ಮುಗಿದ ಕೂಡಲೇ, ಯಂತ್ರಗಳು ಬಿಸಿಯಾಗಿರುವಾಗ ಒಂದು ಭಾಗ. ಸೋಮವಾರ ಬೆಳಗ್ಗೆ, ರಜೆ ಕಳೆದು ತಣ್ಣಗಿರುವಾಗ ಇನ್ನೊಂದು ಭಾಗ. ಕೆಲವು ಕಾಯಿಲೆ ಬಿಸಿಯಲ್ಲಿ ಮಾತ್ರ ಕಾಣುತ್ತವೆ, ಕೆಲವು ತಣ್ಣಗಿದ್ದಾಗ ಮಾತ್ರ. ಎರಡೂ ಸೇರಿ ಯಂತ್ರವೊಂದಕ್ಕೆ ಐದು ನಿಮಿಷದ ಕೆಲಸ. ಒಂಬತ್ತನೇ ಕ್ಲಾಸಿನ ಇಬ್ಬರು ಮಕ್ಕಳು ಅಂಕಿ ಓದಿ ಹೇಳಿದರೆ ಇನ್ನೂ ಬೇಗ ಮುಗಿಯುತ್ತದೆ.

ಶನಿವಾರ: ಡಿಸ್ಕಿನ ನಾಲ್ಕು ಅಂಕಿ

ಹಳೇ ಲ್ಯಾಬಿನಲ್ಲಿ ನಿಮ್ಮ ಬಹುಪಾಲು ಸಮಯ ತಿನ್ನುವುದು ತಿರುಗುವ ಹಾರ್ಡ್ ಡಿಸ್ಕ್. ಪ್ರತಿ ಡಿಸ್ಕೂ ತನ್ನ ತಪ್ಪುಗಳ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಇದಕ್ಕೆ ಸ್ಮಾರ್ಟ್ ದಾಖಲೆ ಎನ್ನುತ್ತಾರೆ. ವಿಂಡೋಸಿನಲ್ಲಿ ಇದನ್ನು ಓದಲು CrystalDiskInfo ಎಂಬ ಉಚಿತ ಪ್ರೋಗ್ರಾಂ ಸಾಕು. ಅದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು 22 ಯಂತ್ರ ಸುತ್ತಬೇಡಿ. ಶಾಲೆಯ ಪೆನ್‌ಡ್ರೈವ್ ಎಂದರೆ ಶಾರ್ಟ್‌ಕಟ್ ವೈರಸ್ಸಿನ ಲೋಕಲ್ ಟ್ರೇನ್ ಇದ್ದಂತೆ, ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುತ್ತದೆ. ಒಮ್ಮೆ ಪ್ರತಿ ಯಂತ್ರಕ್ಕೂ ಹಾಕಿ ಬಿಡಿ. ಅಂಕಿಗಳು ಮೊದಲಿಗೆ ಹೆಕ್ಸ್ ರೂಪದಲ್ಲಿ ಕಾಣುತ್ತವೆ. ಮೆನುವಿನಲ್ಲಿ Function, Advanced Feature, Raw Values ಎಂದು ಹೋಗಿ 10 [DEC] ಆರಿಸಿದರೆ ನಮ್ಮ ಮಾಮೂಲಿ ಅಂಕಿಗಳಾಗುತ್ತವೆ. ಲಿನಕ್ಸ್ ಇರುವ ಯಂತ್ರದಲ್ಲಿ smartmontools ಹಾಕಿಕೊಂಡು ಹೀಗೆ ಕೇಳಿ:

```
sudo smartctl -A /dev/sda
```

ದೊಡ್ಡ ಪಟ್ಟಿ ಬರುತ್ತದೆ, ಹೆದರಬೇಡಿ. ನಿಮಗೆ ಬೇಕಾದವು ನಾಲ್ಕೇ ಸಾಲು: 05, C5, C6, C7. ಲಿನಕ್ಸಿನಲ್ಲಿ ಇವೇ 5, 197, 198, 199 ಎಂದು ಕಾಣುತ್ತವೆ. ಸೀಗೇಟ್ ಡಿಸ್ಕುಗಳಲ್ಲಿ 01 ಮತ್ತು 07ರ ಮುಂದೆ ಕೋಟಿಗಟ್ಟಲೆ ಅಂಕಿ ಇರುತ್ತದೆ. ಅವರು ಲೆಕ್ಕ ಬರೆಯುವ ರೀತಿಯೇ ಹಾಗೆ, ಅದನ್ನು ಬಿಟ್ಟುಬಿಡಿ.

C5 ಎಂದರೆ ಅನುಮಾನದ ಪಟ್ಟಿ. ಡಿಸ್ಕ್ ಒಂದು ಜಾಗವನ್ನು ಓದಲು ಹೋಗಿ ಸೋತಿದೆ. ಆ ಜಾಗ ನಿಜವಾಗಿ ಕೆಟ್ಟಿದೆಯೋ ಅಲ್ಲಿ ಬರೆದದ್ದು ಮಾತ್ರ ಕೆಟ್ಟಿದೆಯೋ ಅದಕ್ಕೂ ಗೊತ್ತಿಲ್ಲ, ಹಾಗಾಗಿ ಗುರುತು ಹಾಕಿ ಕಾಯುತ್ತದೆ. ಮುಂದಿನ ಸಲ ಅದೇ ಜಾಗಕ್ಕೆ ಏನಾದರೂ ಬರೆದಾಗ ತೀರ್ಮಾನ ಆಗುತ್ತದೆ. ಬರೆದದ್ದು ಸರಿಯಾಗಿ ನಿಂತರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ನಿಲ್ಲದಿದ್ದರೆ ಡಿಸ್ಕ್ ಆ ಜಾಗವನ್ನು ಕೈಬಿಟ್ಟು, ತನ್ನಲ್ಲಿ ಮೀಸಲಿಟ್ಟ ಜಾಗವೊಂದನ್ನು ಬದಲಿಗೆ ಕೊಡುತ್ತದೆ. ಆಗ C5 ಇಳಿಯುತ್ತದೆ, 05 ಏರುತ್ತದೆ. ಅಂದರೆ 05 ಸತ್ತವರ ಪಟ್ಟಿ. C6 ಹೆಚ್ಚುಕಮ್ಮಿ C5ರ ಜೊತೆಗೇ ಹೋಗುತ್ತದೆ.

C5 ಬಹಳ ಸಲ 8, 16, 24 ಹೀಗೆ ಎಂಟರ ಮಗ್ಗಿಯಲ್ಲಿ ಬರುತ್ತದೆ. ಗಣಿತದವರಾದ ನಿಮಗೆ ಕುತೂಹಲ ಆಗಬಹುದು. ಸುಮಾರು 2010ರ ನಂತರದ ಡಿಸ್ಕುಗಳು ಒಳಗೆ 4096 ಬೈಟಿನ ತುಂಡುಗಳಲ್ಲಿ ಬರೆದು, ಹೊರಗೆ 512ರ ಹಳೇ ಲೆಕ್ಕದಲ್ಲಿ ಹೇಳುತ್ತವೆ. ಒಂದು ತುಂಡು ಕೆಟ್ಟರೆ ಎಂಟು ಎಂದು ಕಾಣುವುದು ಹೀಗೆ.

C7 ಬೇರೆಯೇ ಜಾತಿ. ಅದು ಡಿಸ್ಕಿನ ತಪ್ಪಲ್ಲ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಟಾ ಕೇಬಲಿನ ತಪ್ಪು. ಆ ಅಂಕಿ ಏರುತ್ತದೆಯೇ ಹೊರತು ಯಾವತ್ತೂ ಇಳಿಯುವುದಿಲ್ಲ. ಇವತ್ತು 143 ಇದೆ ಎಂದರೆ ಏನೂ ಅರ್ಥವಿಲ್ಲ, ಐದು ವರ್ಷದ ಹಿಂದಿನ ಸಡಿಲ ಕೇಬಲಿನ ಲೆಕ್ಕ ಇರಬಹುದು. ಹೋದ ತಿಂಗಳು 143 ಇದ್ದದ್ದು ಈಗ 900 ಆಗಿದ್ದರೆ ಕೇಬಲ್ ಬದಲಿಸಿ. ಅಂಕಿ 900ರಲ್ಲೇ ನಿಂತರೆ ಕೆಲಸ ಆಯಿತು. ನೋಟ್‌ಬುಕ್ ಇಲ್ಲದವನು ಇದೇ 900 ನೋಡಿ ಹೊಸ ಡಿಸ್ಕ್ ಮಾರುತ್ತಾನೆ.

ಏಳು ಮತ್ತು ಹದಿನಾರು

ಠಾಣೆಯ ಕಡೆ ನಾನು ನೋಡಿಕೊಳ್ಳುತ್ತಿದ್ದ ಒಂದು ಲ್ಯಾಬಿನ ಕಥೆ ಹೇಳುತ್ತೇನೆ, ನಿಮಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ. ಜೂನಿನಲ್ಲಿ ಎಲ್ಲ ಯಂತ್ರದ C5 ಸೊನ್ನೆ. ಜುಲೈ ಕೊನೆಗೆ ಎರಡರಲ್ಲಿ 8 ಕಂಡಿತು, ಏಳನೇ ನಂಬರಿನಲ್ಲೂ ಹದಿನಾರರಲ್ಲೂ. ಎರಡರ 05 ಕೂಡ ಸೊನ್ನೆಯೇ. ಎರಡಕ್ಕೂ ಪ್ರೋಗ್ರಾಂ ಒಂದೇ ಹಳದಿ ಬಣ್ಣದ Caution ತೋರಿಸಿತು. ಹದಿನಾರರಲ್ಲಿ ಕೂರುವ ಹುಡುಗ ಮಾತ್ರ, ಸರ್, ಇದು ಮಧ್ಯೆ ಮಧ್ಯೆ ಅರ್ಧ ನಿಮಿಷ ಕಲ್ಲಾಗುತ್ತದೆ ಎಂದ. ಕೆಂಪು ದೀಪ ಆರದೆ ಉರಿಯುತ್ತಾ, ಮೌಸ್ ಅಲ್ಲೇ ನಿಲ್ಲುತ್ತಿತ್ತು. ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಒದ್ದಾಡುವಾಗ ಹೀಗಾಗುತ್ತದೆ.

ಎರಡೂ ಡಿಸ್ಕ್ ಕೆಟ್ಟಿವೆಯೇ? ಅದನ್ನು ತಿಳಿಯಲು ಇಡೀ ಡಿಸ್ಕಿಗೆ ಒಮ್ಮೆ ಸೊನ್ನೆ ಬರೆಸಬೇಕು, ಅನುಮಾನದ ಪಟ್ಟಿ ತಾನಾಗಿ ಇತ್ಯರ್ಥವಾಗುತ್ತದೆ. ಮಕ್ಕಳ ಫೈಲುಗಳನ್ನು ತೆಗೆದಿಟ್ಟು, ಯಂತ್ರದ ಪ್ಲಗ್ ಕಿತ್ತು, ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಎರಡನೇ ಡಿಸ್ಕಾಗಿ ಹಾಕಿದೆ. ನಂತರ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ:

```
diskpart
list disk
select disk 1
detail disk
clean all
```

ಇಲ್ಲಿ ಒಂದು ಕ್ಷಣ ನಿಲ್ಲಿ. ಕೊನೆಯ ಸಾಲು ಏನನ್ನೂ ಕೇಳದೆ ಎಲ್ಲವನ್ನೂ ಅಳಿಸುತ್ತದೆ, ಮತ್ತೆ ಸಿಗುವುದಿಲ್ಲ. ಲ್ಯಾಬಿನಲ್ಲಿ ಎಲ್ಲ ಡಿಸ್ಕೂ 500 ಜಿಬಿಯೇ ಇರುತ್ತವೆ, ಯಾವುದು ಯಾವುದು ಎಂದು ತಿಳಿಯದೆ ಒಳ್ಳೆಯದನ್ನೇ ಅಳಿಸಿದವರನ್ನು ಕಂಡಿದ್ದೇನೆ. ಅದಕ್ಕೇ ಈ ಕೆಲಸಕ್ಕೆ ಬೇರೆ ಗಾತ್ರದ ಡಿಸ್ಕ್ ಇರುವ ಯಂತ್ರ ಇಟ್ಟುಕೊಳ್ಳಿ, ಉದಾಹರಣೆಗೆ 240 ಜಿಬಿಯ ಎಸ್‌ಎಸ್‌ಡಿ ಇರುವುದು. detail disk ಹೇಳಿದ ಮಾಡೆಲ್ ಹೆಸರು ಡಿಸ್ಕಿನ ಲೇಬಲಿಗೆ ಹೊಂದುತ್ತದೆಯೇ ನೋಡಿದ ಮೇಲೆಯೇ ಕೊನೆಯ ಸಾಲು ಒತ್ತಿ. ಬರೀ clean ಎಂದರೆ ಸಾಲದು, ಅದು ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ಮಾತ್ರ ಅಳಿಸುತ್ತದೆ. ಸೊನ್ನೆ ತುಂಬುವುದು all ಸೇರಿಸಿದಾಗ. ಆರೋಗ್ಯವಾಗಿರುವ 500 ಜಿಬಿ ಡಿಸ್ಕಿಗೆ ಒಂದೂವರೆಯಿಂದ ಎರಡು ಗಂಟೆ ಬೇಕು. ನಾಲ್ಕೈದು ಗಂಟೆ ಎಳೆದರೆ ಅದೇ ಒಂದು ಉತ್ತರ.

ನಿಮ್ಮ ರಿಪೇರಿಯವನು ಹೊಡೆಯುವುದು ಕ್ವಿಕ್ ಫಾರ್ಮ್ಯಾಟ್. ಅದೂ ಡಿಸ್ಕಿನ ಬಹುಪಾಲನ್ನು ಮುಟ್ಟುವುದೇ ಇಲ್ಲ. ಅನುಮಾನದ ಜಾಗ ಹಾಗೇ ಕಾದು ಕೂತಿರುತ್ತದೆ. ಮೂರು ವಾರದ ನಂತರ ಯಾವುದೋ ಫೈಲ್ ಅಂಥ ದುರ್ಬಲ ಜಾಗಕ್ಕೆ ಬಿದ್ದು, ಅದನ್ನು ಓದಲಾಗದೆ ಯಂತ್ರ ಮತ್ತೆ ಮಲಗುತ್ತದೆ.

ಸೊನ್ನೆ ಬರೆಸಿದ ಮೇಲೆ ಏಳರ C5 ಸೊನ್ನೆಗಿಳಿಯಿತು, 05 ಸೊನ್ನೆಯಲ್ಲೇ ಉಳಿಯಿತು. ಅಂದರೆ ಜಾಗ ಕೆಟ್ಟಿರಲೇ ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋಗಿ, ಅರ್ಧಕ್ಕೆ ನಿಂತ ಬರಹ ಓದಲಾಗದೆ ಉಳಿದಿತ್ತು. ಹೋಗಿ ನೋಡಿದರೆ ಏಳು ಗೋಡೆ ಸಾಲಿನ ಯಂತ್ರ, ಆ ಸಾಲಿನ ಯುಪಿಎಸ್ಸಿನ ಬ್ಯಾಟರಿ ಉಬ್ಬಿ ಸತ್ತಿತ್ತು. ಜುಲೈ ಮಳೆಗೆ ಆ ತಿಂಗಳು ಹಲವು ಸಲ ಲೈಟ್ ಹೋಗಿತ್ತು. ಬ್ಯಾಟರಿ ಬದಲಿಸಿದೆವು, ಅದೇ ಡಿಸ್ಕನ್ನು ಮರಳಿ ಹಾಕಿದೆವು. ಆಗಸ್ಟಿನಿಂದ ಮುಂದಿನ ಮೇವರೆಗೂ ಅದರ ಸಾಲು ಸೊನ್ನೆಯೇ.

ಹದಿನಾರರ C5 ಕೂಡ ಸೊನ್ನೆಗಿಳಿಯಿತು. ಆದರೆ 05 ಸೊನ್ನೆಯಿಂದ 8ಕ್ಕೆ ಏರಿತು. ಒಂದು ತುಂಡು ನಿಜಕ್ಕೂ ಸತ್ತಿದೆ. ಒಂದು ತುಂಡು ಸತ್ತ ಮಾತ್ರಕ್ಕೆ ಡಿಸ್ಕ್ ಹೋಯಿತು ಎನ್ನಲಾಗದು, ಎಷ್ಟೋ ಡಿಸ್ಕುಗಳು ಹಾಗೇ ವರ್ಷಗಟ್ಟಲೆ ನಡೆಯುತ್ತವೆ. ಹಾಗಾಗಿ ವಿಂಡೋಸ್ ಹಾಕಿ ಕೊಟ್ಟು, ಹದಿನೈದು ದಿನಕ್ಕೆ ಮತ್ತೆ ನೋಡಿದೆ. C5 16, 05 24. ಪಟ್ಟಿ ಬೆಳೆಯುತ್ತಿದೆ. ಅವತ್ತೇ ತೆಗೆದೆ. ಸೊನ್ನೆ ಬರೆಸಿದ ದಿನವೇ ಯಾರಾದರೂ C5 ಒಂದನ್ನೇ ನೋಡಿದ್ದರೆ, ಡಿಸ್ಕ್ ಗುಣವಾಯಿತು ಎಂದುಕೊಳ್ಳುತ್ತಿದ್ದರು.

2007ರಲ್ಲಿ ಗೂಗಲ್ಲಿನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಮೊದಲ ಬಾರಿಗೆ ಅನುಮಾನದ ಪಟ್ಟಿ ತೆರೆದ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯುವ ಸಂಭವ, ಪಟ್ಟಿ ಖಾಲಿ ಇರುವುದಕ್ಕಿಂತ 16 ಪಟ್ಟು ಎಂದು ಅವರು ಕಂಡರು. ಅದೇ ಲೆಕ್ಕದ ಇನ್ನೊಂದು ಮುಖವೂ ನಿಮಗೆ ಗೊತ್ತಿರಬೇಕು. ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಮುಖ್ಯ ಸೂಚನೆ ಯಾವುದನ್ನೂ ಕೊಡದೆಯೇ ಸತ್ತಿದ್ದವು. ಆದ್ದರಿಂದ ಅಂಕಿ ಸೊನ್ನೆ ಇದೆ ಎಂದು ಮಕ್ಕಳ ಪ್ರಾಜೆಕ್ಟುಗಳನ್ನು ಒಂದೇ ಡಿಸ್ಕಿನಲ್ಲಿ ಬಿಡಬೇಡಿ. ಸರಿಯಾಗಿರುವ ಒಂದು ಯಂತ್ರದ ಡಿಸ್ಕಿನ ಪೂರ್ತಿ ನಕಲನ್ನು, ಅಂದರೆ ಇಮೇಜನ್ನು, Clonezilla ಎಂಬ ಪ್ರೋಗ್ರಾಂನಿಂದ ತೆಗೆದು ಹೊರಗಿನ ಡಿಸ್ಕಿನಲ್ಲಿ ಇಟ್ಟಿರಿ. ಸೂಚನೆ ಕೊಡದೆ ಸತ್ತ ಅದೇ ಮಾಡೆಲಿನ ಯಂತ್ರವನ್ನು ಅದರಿಂದ ಒಂದು ಗಂಟೆಯಲ್ಲಿ ಎಬ್ಬಿಸಬಹುದು.

ಶನಿವಾರವೇ: ಬಿಸಿ, ಯುಪಿಎಸ್

ಕಡೇ ಪೀರಿಯಡ್ ಶುರುವಿನಲ್ಲಿ ಬಿಸಿ ತೋರಿಸುವ HWMonitor ಎಂಬ ಪ್ರೋಗ್ರಾಂ ತೆರೆದಿಟ್ಟರೆ, ಮುಗಿದಾಗ ಪ್ರೊಸೆಸರಿನ ಸಾಲಿನ Max ಕಾಲಂನಲ್ಲಿ ಆ ಪೀರಿಯಡಿನ ಅತಿ ಹೆಚ್ಚು ಬಿಸಿ ಇರುತ್ತದೆ. ಅದನ್ನು ಬರೆಯಿರಿ. ಇದನ್ನು ಹೋದ ತಿಂಗಳಿಗಿಂತ ಹೆಚ್ಚಾಗಿ ಪಕ್ಕದ ಯಂತ್ರಕ್ಕೆ ಹೋಲಿಸಬೇಕು, ಏಕೆಂದರೆ ಮೇ ಸೆಕೆಗೂ ಜನವರಿಗೂ ಅಂಕಿ ತಾನಾಗಿ ಹತ್ತು ಡಿಗ್ರಿ ಬದಲಾಗುತ್ತದೆ. ಒಂದೇ ಮಾಡೆಲಿನ ಯಂತ್ರಗಳು 50ರ ಸುತ್ತ ಇರುವಾಗ ಒಂದೇ ಒಂದು 66 ತೋರಿಸಿದರೆ ಅದನ್ನು ತೆರೆಯಿರಿ. ಸಾಮಾನ್ಯ ಕೆಲಸದಲ್ಲೇ 80 ದಾಟುವುದಿದ್ದರೆ ಪಕ್ಕದವರನ್ನು ಕೇಳಬೇಕಾಗಿಲ್ಲ. ಮುಕ್ಕಾಲು ಪಾಲು ಸಲ ಫ್ಯಾನಿನ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಮಧ್ಯೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಬ್ಲೋಯರ್ ಹೊಡೆಯುವಾಗ ಫ್ಯಾನಿಗೆ ಪೆನ್ಸಿಲ್ ಅಡ್ಡ ಹಿಡಿಯಿರಿ. ಗಾಳಿಗೆ ಗಿರಗಿರ ತಿರುಗಿದರೆ ಅದರ ಬೇರಿಂಗ್ ಹೋಗುತ್ತದೆ. ಧೂಳಿಲ್ಲದಿದ್ದರೆ ಆ ರೆಕ್ಕೆಗಳಿರುವ ಹೀಟ್‌ಸಿಂಕಿನ ನಾಲ್ಕು ಮೂಲೆಗಳಲ್ಲಿ ಒಂದರ ಹಿಡಿತ ಬಿಟ್ಟಿದೆಯೇ ನೋಡಿ. ಅದೂ ಸರಿ ಇದ್ದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ. ಹಳೆಯದನ್ನು ಪೂರ್ತಿ ಒರೆಸಿ, ಬಟಾಣಿಗಿಂತ ಚಿಕ್ಕ ಒಂದು ಹನಿ ಸಾಕು.

ಉಳಿದ ಇಪ್ಪತ್ತೊಂದನ್ನು ತೆರೆಯಬೇಡಿ. ತಿಂಗಳಿಗೊಮ್ಮೆ ಎಲ್ಲ ಡಬ್ಬಗಳನ್ನೂ ಬಿಚ್ಚಿ ಒರೆಸುವ ಉತ್ಸಾಹಿಗಳಿದ್ದಾರೆ. ಅವರ ಲ್ಯಾಬುಗಳಲ್ಲೇ ನಾನು ಹೆಚ್ಚು ಸಡಿಲ ಕೇಬಲುಗಳನ್ನು ಕಂಡಿರುವುದು. ಅಂಕಿ ಕರೆದರೆ ಮಾತ್ರ ತೆರೆಯಿರಿ, ಇಲ್ಲದಿದ್ದರೆ ವರ್ಷಕ್ಕೊಂದು ಸಲ ಸಾಕು.

ಯುಪಿಎಸ್ ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ. ಫೈಲುಗಳನ್ನೆಲ್ಲ ಮುಚ್ಚಿ, ಯಂತ್ರ ಶುರುವಾಗುವಾಗಲೇ F2 ಅಥವಾ Del ಒತ್ತಿದರೆ ಬರುವ ಬಯಾಸ್ ಪರದೆಯಲ್ಲಿ ನಿಂತಿರುವಾಗ ಯುಪಿಎಸ್ಸಿಗೆ ಬರುವ ಸ್ವಿಚ್ ಆರಿಸಿ ಗಡಿಯಾರ ನೋಡಿ. ಆ ಪರದೆಯಲ್ಲಿ ಡಿಸ್ಕಿಗೆ ಏನೂ ಬರೆಯುತ್ತಿರುವುದಿಲ್ಲ, ಕರೆಂಟ್ ತಟ್ಟನೆ ಹೋದರೂ ನಷ್ಟವಿಲ್ಲ. ಎಷ್ಟು ನಿಮಿಷ ನಿಂತಿತು ಎಂದು ಬರೆಯಿರಿ. ಮೂರು ನಿಮಿಷಕ್ಕಿಂತ ಕಡಿಮೆಯಾದರೆ ಮಕ್ಕಳು ಸರಿಯಾಗಿ ಶಟ್‌ಡೌನ್ ಮಾಡಲು ಸಮಯ ಸಾಲದು. ಆ 12 ವೋಲ್ಟಿನ ಬ್ಯಾಟರಿ ಬದಲಿಸಿ, ಯುಪಿಎಸ್ಸನ್ನಲ್ಲ.

ಸೋಮವಾರ: ಗಡಿಯಾರ

ಸೋಮವಾರದ ಕೆಲಸ ಚಿಕ್ಕದು, ಆದರೆ ನನಗೆ ಅತಿ ಹೆಚ್ಚು ಅವಮಾನ ಮಾಡಿಸಿದ್ದು ಇದೇ. ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಒಂದೇ ಯಂತ್ರಕ್ಕೆ ಮೂರು ಸಲ ವಿಂಡೋಸ್ ಹಾಕಿದ್ದೆ. ಹಾಕುವ ಮೊದಲು ಅಭ್ಯಾಸದಂತೆ, ಡಿಸ್ಕಿನ ಜೊತೆ ಮಾತಾಡುವ ಮೋಡನ್ನು ಬಯಾಸಿನಲ್ಲಿ AHCI ಮಾಡುತ್ತಿದ್ದೆ, ಅದೇಕೆ ಬದಲಾಗಿದೆ ಎಂದು ಕೇಳಿಕೊಳ್ಳಲೇ ಇಲ್ಲ. ರಜೆ ಮುಗಿದ ಮೇಲೆ ಪ್ರತಿ ಸಲ ನೀಲಿ ಪರದೆ. ಮೂರನೇ ಸಲ ಬಯಾಸಿನ ತಾರೀಕು ನೋಡಿದರೆ ಇಸವಿ ಹಳೆಯದು. ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತು, ಬಯಾಸ್ ತನ್ನ ಸೆಟ್ಟಿಂಗುಗಳನ್ನು ಮರೆತು, ಡಿಸ್ಕಿನ ಮೋಡನ್ನು AHCIಯಿಂದ IDEಗೆ ಹಿಂದಿರುಗಿಸಿತ್ತು. ವಿಂಡೋಸಿಗೆ ತನ್ನ ಡಿಸ್ಕೇ ಸಿಗುತ್ತಿರಲಿಲ್ಲ. ಬಯಾಸಿನಲ್ಲಿ ಮೋಡ್ ಮರಳಿ AHCI ಮಾಡಿ, ಮೂರು ವಡಾಪಾವಿನ ಬೆಲೆಯ ಸೆಲ್ ಹಾಕಿದ್ದರೆ ಮುಗಿಯುತ್ತಿತ್ತು.

ಶಾಲೆಯಲ್ಲಿ ಈ ಸೆಲ್ ಮನೆಗಿಂತ ಬೇಗ ಸಾಯುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ, ಯಂತ್ರ ಆರಿದ್ದರೂ ಗಡಿಯಾರ ಅದರಿಂದಲೇ ನಡೆಯುತ್ತದೆ, ಸೆಲ್ ಸುಮ್ಮನಿರುತ್ತದೆ. ನಮ್ಮ ಸಿಪಾಯಿಗಳು ಸಂಜೆ ಲ್ಯಾಬಿನ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ, ಅದು ಸರಿಯೂ ಹೌದು. ಅಲ್ಲಿಂದ ಬೆಳಗಿನವರೆಗೆ, ರಜೆಯಾದರೆ ವಾರಗಟ್ಟಲೆ, ಕೆಲಸ ಸೆಲ್ಲಿನದೇ.

ಪರೀಕ್ಷೆಯಲ್ಲಿ ಒಂದು ಮೋಸ ಇದೆ. ಇಂಟರ್ನೆಟ್ ಇದ್ದರೆ ವಿಂಡೋಸ್ ಸಮಯವನ್ನು ಹೊರಗಿನಿಂದ ಕೇಳಿ ಸರಿಪಡಿಸಿಕೊಳ್ಳುತ್ತದೆ, ನಿಮಗೆ ತಪ್ಪು ಕಾಣುವುದೇ ಇಲ್ಲ. ಆದ್ದರಿಂದ ಸೋಮವಾರ ಮೊದಲು ಸ್ವಿಚ್ ಹಾಕುವಾಗಲೇ ಬಯಾಸಿಗೆ ಹೋಗಿ, F2 ಅಥವಾ Del ಒತ್ತಿ, ಅಲ್ಲಿನ ಸಮಯವನ್ನು ಮೊಬೈಲಿನ ಜೊತೆ ಹೋಲಿಸಿ. ಒಂದೆರಡು ನಿಮಿಷ ಹಿಂದು ಮುಂದಿದ್ದರೆ ಪರವಾಗಿಲ್ಲ. ಗಂಟೆಗಟ್ಟಲೆ ಹಿಂದುಳಿದಿದ್ದರೆ, ಇಲ್ಲವೇ ಹಳೇ ಇಸವಿ ಇದ್ದರೆ, ಸೆಲ್ ಬದಲಿಸಿ. ಹೆಚ್ಚಿನವುಗಳಲ್ಲಿ CR2032, ಹೊಸದು 3 ವೋಲ್ಟ್. ಮಲ್ಟಿಮೀಟರ್ 2.8ಕ್ಕಿಂತ ಕಡಿಮೆ ತೋರಿಸಿದರೆ ನಾನು ಕಾಯುವುದಿಲ್ಲ. ತೆಗೆಯುವ ಮೊದಲು ಡಿಸ್ಕಿನ ಮೋಡ್ ಇರುವ ಬಯಾಸ್ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಸೆಲ್ ಬದಲಿಸಿದ ಮೇಲೆ ಹಾಗೆಯೇ ಹಾಕಬೇಕಾಗುತ್ತದೆ. "ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಸರ್ಟಿಫಿಕೇಟ್ ಎಂದೇನೋ ಹೇಳುತ್ತದೆ" ಎಂದು ಮಕ್ಕಳು ಹೇಳಿದರೂ ಮೊದಲು ತಾರೀಕು ನೋಡಿ. ಬಹಳ ಸಲ ಅದೇ ಸೆಲ್ಲಿನ ಕಥೆ.

ಇದೇ ಸೋಮವಾರ ಕಿವಿಯೂ ತೆರೆದಿರಲಿ. ಮಳೆಗಾಲದಲ್ಲಿ, ಕಡಲ ಉಪ್ಪುಗಾಳಿ ತಟ್ಟುವ ನಮ್ಮ ಊರಿನಲ್ಲಿ, ಪರದೆ ಕಪ್ಪಗೇ ಉಳಿದು ಬೀಪ್ ಬೀಪ್ ಎಂದರೆ ಮೊದಲ ಅನುಮಾನ ರ‍್ಯಾಮಿನ ಮೇಲೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ರಿಪೇರಿಯವನಿಗೆ ಫೋನ್ ಮಾಡುವ ಮೊದಲು ಇಷ್ಟು ಮಾಡಬಹುದು.

ದಾಸ್ತಾನು

ಕಪಾಟಿನಲ್ಲಿ ಐದು CR2032 ಸೆಲ್, ನಾಲ್ಕು ಸಾಟಾ ಕೇಬಲ್, ಥರ್ಮಲ್ ಪೇಸ್ಟಿನ ಒಂದು ಟ್ಯೂಬ್, ಎರಡು 240 ಜಿಬಿ ಎಸ್‌ಎಸ್‌ಡಿ ಇರಲಿ. ಗ್ರಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ಎಲ್ಲವೂ ಸಿಗುತ್ತದೆ. ಬಿಲ್ ಮತ್ತು ವಾರಂಟಿ ಕೇಳಿ, ಬಳಸಿದ ಹಾರ್ಡ್ ಡಿಸ್ಕ್ ಮಾತ್ರ ತರಬೇಡಿ. ಅಗ್ಗಕ್ಕೆ ಸಿಕ್ಕರೂ ಅದರ ಹಿಂದಿನ ಪುಟಗಳು ನಿಮ್ಮ ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ. ಎಸ್‌ಎಸ್‌ಡಿ ಹಾಕುವ ಸರದಿಯನ್ನೂ ನೋಟ್‌ಬುಕ್ಕೇ ಹೇಳುತ್ತದೆ: 05 ಬೆಳೆಯುತ್ತಿರುವ ಯಂತ್ರಕ್ಕೆ ಮೊದಲ ಸರದಿ. ಇಮೇಜ್ 500 ಜಿಬಿ ಡಿಸ್ಕಿನಿಂದ ತೆಗೆದದ್ದಾದರೆ Clonezilla ಅದನ್ನು ಚಿಕ್ಕ ಎಸ್‌ಎಸ್‌ಡಿಗೆ ನೇರವಾಗಿ ಇಳಿಸುವುದಿಲ್ಲ. ಹಾಗಾಗಿ ಮೊದಲ ಎಸ್‌ಎಸ್‌ಡಿ ಯಂತ್ರ ಸಿದ್ಧವಾದಾಗ ಅದರದ್ದೂ ಬೇರೆ ಇಮೇಜ್ ತೆಗೆದಿಡಿ.

ಮೇ ರಜೆಗೆ ನಾವೆಲ್ಲ ಊರಿಗೆ ಹೋಗುತ್ತೇವೆ, ಲ್ಯಾಬಿಗೆ ಬೀಗ ಬೀಳುತ್ತದೆ. ಜೂನ್ ಮಧ್ಯದಲ್ಲಿ ತೆರೆದಾಗ ಮಳೆ ಶುರುವಾಗಿರುತ್ತದೆ, ಒಂದೂವರೆ ತಿಂಗಳು ಸುಮ್ಮನಿದ್ದ ಯಂತ್ರಗಳ ಒಳಗೆ ತೇವ. ಊರಿಗೆ ಹೊರಡುವ ಮೊದಲು ಒಮ್ಮೆ ಎಲ್ಲ ಅಂಕಿ ಬರೆದಿಡಿ. ಮುಂಬಯಿಯಲ್ಲೇ ಉಳಿಯುವ ಯಾರಿಗಾದರೂ ವಾರಕ್ಕೊಮ್ಮೆ ಎಲ್ಲವನ್ನೂ ಒಂದು ಗಂಟೆ ಹಚ್ಚಿಡಲು ಹೇಳಿ. ಒಳಗಿನ ಬಿಸಿಗೆ ತೇವ ಆರುತ್ತದೆ, ಸೆಲ್ಲಿಗೂ ಅಷ್ಟು ಹೊತ್ತು ವಿಶ್ರಾಂತಿ. ತೆರೆದ ದಿನ ಮಕ್ಕಳನ್ನು ಲ್ಯಾಬಿಗೆ ಬಿಡುವ ಮುಂಚೆ, ಸೋಮವಾರದ ಪರೀಕ್ಷೆಯನ್ನು ಅವತ್ತೇ ಮಾಡಿ ಮುಗಿಸಿ.